ಕಂತಿಗೆ ರಜೆ, ಬಡ್ಡಿಗಿಲ್ಲ: ಆರು ತಿಂಗಳ ಮುಂದೂಡಿಕೆ ಇಪ್ಪತ್ತೇಳು ಕಂತಾಗುವ ಲೆಕ್ಕ

2020ರ ದೀಪಾವಳಿ ಕಳೆದ ಮರುಭಾನುವಾರ ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಇಬ್ಬರು ಬಂದರು. ಒಬ್ಬರು ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಫಿಟರ್, ಬೋಗಾದಿಯಲ್ಲಿ ಸಾಲ ಮಾಡಿ ಮನೆ ಕಟ್ಟಿಕೊಂಡವರು. ಇನ್ನೊಬ್ಬರು ಅವರ ಅಕ್ಕನ ಯಜಮಾನರು, ಮಂಡ್ಯದ ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವವರು. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನೆಂದು ಯಾರೋ ಹೇಳಿದ್ದರಂತೆ. ಇಬ್ಬರ ಕೈಯಲ್ಲೂ ಗೃಹ ಸಾಲದ ಸ್ಟೇಟ್‌ಮೆಂಟ್ ಇತ್ತು. ಇಬ್ಬರೂ ಆ ವರ್ಷದ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ಕಂತು ಮುಂದೂಡಿಸಿಕೊಂಡಿದ್ದರು. ಹಬ್ಬದ ಊಟ ಮುಗಿಸಿ ಕುಳಿತಾಗ ಎದ್ದ ಪ್ರಶ್ನೆಯನ್ನು ಮಂಡ್ಯದವರು ನನ್ನ ಮುಂದೆಯೂ ಹಾಗೆಯೇ ಇಟ್ಟರು: "ನಾನೂ ಆರ್ ತಿಂಗ್ಳು ಬುಟ್ಟೆ ಸಾರ್, ನಮ್ ಬಾಮೈದನೂ ಆರ್ ತಿಂಗ್ಳು ಬುಟ್ಟ. ಕಂತೂ ಹೆಚ್ಚುಕಮ್ಮಿ ಒಂದೇಯ. ನಂಗೆ ಎರಡು ಕಂತು ಜಾಸ್ತಿ ಬಂದದೆ, ಇವ್ನಿಗೆ ಇಪ್ಪತ್ತೆಂಟು ಬಂದದೆ. ಬ್ಯಾಂಕ್‌ನೋರು ತಪ್ಪು ಹಾಕವ್ರಾ?"

ತಪ್ಪು ಹಾಕಿರಲಿಲ್ಲ. ಆ ದಿನ ಕಾಗದದ ಮೇಲೆ ಮಾಡಿ ತೋರಿಸಿದ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಮೊರಟೋರಿಯಂ, ಇಎಂಐ ಹಾಲಿಡೇ, ಕಂತಿನ ರಜೆ ಎಂದು ಯಾವ ಹೆಸರಿನಲ್ಲಿ ಬಂದರೂ ಒಪ್ಪುವ ಮೊದಲು ಈ ಲೆಕ್ಕವನ್ನು ಯಾರು ಬೇಕಾದರೂ ತಮ್ಮ ಸಾಲಕ್ಕೆ ಮಾಡಿಕೊಳ್ಳಬಹುದು. ಅರ್ಥಮಾಡಿಕೊಳ್ಳಲು ಸುಲಭವಾಗಲೆಂದು ಬಡ್ಡಿ ದರವನ್ನು ಉದ್ದಕ್ಕೂ ವಾರ್ಷಿಕ ಶೇ. 9ರಲ್ಲೇ ಇಟ್ಟಿದ್ದೇನೆ, ನಿಜವಾದ ಗೃಹ ಸಾಲಗಳಲ್ಲಿ ದರ ಏರಿಳಿಯುತ್ತದೆ, ಕೆಲವು ಬ್ಯಾಂಕುಗಳು ದಿನದ ಬಾಕಿಯ ಮೇಲೆ ಬಡ್ಡಿ ಕಟ್ಟುವುದರಿಂದ ಕೆಲವು ರೂಪಾಯಿಗಳ ವ್ಯತ್ಯಾಸವೂ ಬರುತ್ತದೆ.

ರಜೆ ಸಿಗುವುದು ಯಾವುದಕ್ಕೆ

ಭಾರತೀಯ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 27ರಂದು ಹೊರಡಿಸಿದ ಸುತ್ತೋಲೆಯು ಅವಧಿ ಸಾಲಗಳ ಮೂರು ತಿಂಗಳ ಕಂತನ್ನು ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. ಮೇ ತಿಂಗಳಲ್ಲಿ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಮುಂದೂಡಿದ ಅವಧಿಯಲ್ಲೂ ಉಳಿದ ಸಾಲದ ಮೇಲೆ ಬಡ್ಡಿ ಸೇರುತ್ತಲೇ ಇರುತ್ತದೆ ಎಂದು ಅದೇ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದರೆ ಜನರ ಮೊಬೈಲಿಗೆ ಬಂದ ಸಂದೇಶಗಳಲ್ಲಿ ಆ ಸಾಲು ಕೊನೆಯಲ್ಲಿತ್ತು ಅಥವಾ ಇರಲೇ ಇಲ್ಲ. ಫಿಟರ್ ಅವರಿಗೆ ಬಂದ ಸಂದೇಶದಲ್ಲಿ "ಮುಂದೂಡಿಕೆ ಬೇಕಿದ್ದರೆ ಹೌದು ಎಂದು ಉತ್ತರಿಸಿ" ಎಂದಷ್ಟೇ ಇತ್ತಂತೆ. ಅವರು ಉತ್ತರಿಸಿದರು. ಕಾರ್ಖಾನೆ ಬಾಗಿಲು ಹಾಕಿದ್ದ ದಿನಗಳವು, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ.

ಆದ್ದರಿಂದ ಮೊದಲು ತಿಳಿಯಬೇಕಾದದ್ದು ಇಷ್ಟು: ರಜೆ ಸಿಗುವುದು ಕಟ್ಟುವ ಕೆಲಸಕ್ಕೆ ಮಾತ್ರ. ಸಾಲದ ಹಣ ನಿಮ್ಮ ಬಳಿಯೇ ಇರುವಷ್ಟು ದಿನ ಅದರ ಬಾಡಿಗೆಯಾದ ಬಡ್ಡಿ ದಿನವೂ ಹುಟ್ಟುತ್ತಲೇ ಇರುತ್ತದೆ, ಕಟ್ಟದಿದ್ದಾಗ ಅದು ಅಸಲಿನ ಜೊತೆ ಹೋಗಿ ಕೂರುತ್ತದೆ.

ಮೊದಲ ಹಂತ: ನಾಲ್ಕು ಅಂಕಿಗಳನ್ನು ಬರೆದುಕೊಳ್ಳಿ

ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆದು ಇವತ್ತಿಗೆ ಬಾಕಿ ಇರುವ ಅಸಲು, ಈಗಿನ ಬಡ್ಡಿ ದರ, ತಿಂಗಳ ಕಂತು ಮತ್ತು ಉಳಿದಿರುವ ಕಂತುಗಳ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಬಹಳ ಜನ ಮೊದಲು ಪಡೆದ ಸಾಲದ ಮೊತ್ತವನ್ನು ಇಟ್ಟುಕೊಂಡು ಲೆಕ್ಕಕ್ಕೆ ಕೂರುತ್ತಾರೆ. ಅದು ಈ ಲೆಕ್ಕಕ್ಕೆ ಬೇಕಾಗಿಲ್ಲ. ಬಡ್ಡಿ ಹುಟ್ಟುವುದು ಇಂದಿನ ಬಾಕಿಯ ಮೇಲೆ.

ಫಿಟರ್ ಅವರು 2018ರಲ್ಲಿ 25 ಲಕ್ಷ ರೂಪಾಯಿ ಸಾಲವನ್ನು 20 ವರ್ಷಕ್ಕೆ, ಅಂದರೆ 240 ಕಂತುಗಳಿಗೆ ಪಡೆದಿದ್ದರು. ಕಂತು 22,493 ರೂಪಾಯಿ. 2018ರ ಮಾರ್ಚ್‌ನಿಂದ 2020ರ ಫೆಬ್ರವರಿವರೆಗೆ ಒಂದೂ ತಪ್ಪದೆ 24 ಕಂತು ಕಟ್ಟಿದ್ದರು. ಹೀಗೆ ಕಟ್ಟಿದ್ದು ಒಟ್ಟು ಸುಮಾರು 5.40 ಲಕ್ಷ ರೂಪಾಯಿ. ಆದರೆ ಅಸಲಿನಲ್ಲಿ ಇಳಿದದ್ದು ಕೇವಲ 98 ಸಾವಿರ. ಬಾಕಿ ಇನ್ನೂ 24,01,971 ರೂಪಾಯಿ ಇತ್ತು. ಈ ಅಂಕಿಯನ್ನು ನೋಡಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ದೀರ್ಘಾವಧಿ ಸಾಲದ ಆರಂಭದ ವರ್ಷಗಳು ಇರುವುದೇ ಹೀಗೆ, ಅದರಲ್ಲಿ ಮೋಸವೇನೂ ಇಲ್ಲ. ಬಾಕಿ ದೊಡ್ಡದಿರುವಾಗ ಬಡ್ಡಿ ದೊಡ್ಡದಿರುತ್ತದೆ, ಕಂತು ಮಾತ್ರ ಒಂದೇ ಸಮ. ಹಾಗಾಗಿ ಕಂತಿನ ಬಹುಪಾಲು ಬಡ್ಡಿಗೇ ಹೋಗುತ್ತದೆ.

ಬಾಕಿಯನ್ನು ವಾರ್ಷಿಕ ದರದಿಂದ ಗುಣಿಸಿ 1200ರಿಂದ ಭಾಗಿಸಿದರೆ ಒಂದು ತಿಂಗಳ ಬಡ್ಡಿ ಸಿಗುತ್ತದೆ. ಇವರ ಬಾಕಿಗೆ ಅದು 18,015 ರೂಪಾಯಿ. ಕಂತು 22,493 ಆದ್ದರಿಂದ ತಿಂಗಳಿಗೆ ಅಸಲು ಇಳಿಯುತ್ತಿದ್ದದ್ದು 4,478 ರೂಪಾಯಿ ಮಾತ್ರ. ಈ ಕೊನೆಯ ಅಂಕಿಯ ಕೆಳಗೆ ಗೆರೆ ಎಳೆದುಕೊಳ್ಳಿ. ಅವಧಿ ಏಕೆ ಬೆಳೆಯುತ್ತದೆ ಎಂಬುದರ ಉತ್ತರ ಇರುವುದು ಇಲ್ಲೇ.

ಎರಡನೆಯ ಹಂತ: ರಜೆ ಮುಗಿದ ದಿನದ ಬಾಕಿ ಎಷ್ಟಾಗುತ್ತದೆ

ರಜೆಯ ತಿಂಗಳುಗಳ ಸ್ಟೇಟ್‌ಮೆಂಟ್ ನೋಡಿದರೆ ಜಮೆಯ ಕಾಲಂ ಖಾಲಿ ಇರುತ್ತದೆ, ಖರ್ಚಿನ ಕಾಲಂನಲ್ಲಿ ಮಾತ್ರ ತಿಂಗಳಿಗೊಂದು ಬಡ್ಡಿಯ ಸಾಲು ಇರುತ್ತದೆ. ಫಿಟರ್ ಅವರ ಖಾತೆಯಲ್ಲಿ ಮೊದಲ ತಿಂಗಳು ಬಿದ್ದ ಬಡ್ಡಿ 18,015. ಅದನ್ನು ಕಟ್ಟದ್ದರಿಂದ ಅದೂ ಬಾಕಿಗೆ ಸೇರಿತು, ಎರಡನೆಯ ತಿಂಗಳ ಬಡ್ಡಿ 18,150 ಆಯಿತು. ಹೀಗೆ ತಿಂಗಳಿಗೆ ನೂರ ಮೂವತ್ತು ನಲವತ್ತು ರೂಪಾಯಿ ಏರುತ್ತಾ ಆರನೆಯ ತಿಂಗಳಿಗೆ 18,701ಕ್ಕೆ ಬಂದಿತು. ಆರೂ ಸೇರಿ 1,10,136 ರೂಪಾಯಿ. ಆಗಸ್ಟ್ ಕೊನೆಗೆ ಬಾಕಿ 25,12,107.

ಎರಡು ವರ್ಷ ತಪ್ಪದೆ ಕಂತು ಕಟ್ಟಿದ ಮನುಷ್ಯನ ಬಾಕಿ, ಆರು ತಿಂಗಳ ರಜೆಯ ನಂತರ ಮೊದಲು ಪಡೆದ 25 ಲಕ್ಷವನ್ನೂ ಮೀರಿತು.

ಕಂಪ್ಯೂಟರಿನಲ್ಲಿ ಸ್ಪ್ರೆಡ್‌ಶೀಟ್ ಇದ್ದವರು ಈ ಹಂತವನ್ನೂ ಮುಂದಿನ ಹಂತವನ್ನೂ ಎರಡು ಸಾಲುಗಳಲ್ಲಿ ಮುಗಿಸಬಹುದು. ಮೊದಲ ಸಾಲು ರಜೆಯ ನಂತರದ ಬಾಕಿಯನ್ನು, ಎರಡನೆಯದು ಅದೇ ಕಂತಿನಲ್ಲಿ ಅದನ್ನು ತೀರಿಸಲು ಬೇಕಾಗುವ ಕಂತುಗಳ ಸಂಖ್ಯೆಯನ್ನು ಕೊಡುತ್ತದೆ.

```
=FV(9%/12, 6, 0, -2401971)
=NPER(9%/12, -22493, 2512107)
```

ದರ, ರಜೆಯ ತಿಂಗಳು, ಬಾಕಿ ಮತ್ತು ಕಂತಿನ ಜಾಗದಲ್ಲಿ ನಿಮ್ಮ ಅಂಕಿಗಳನ್ನು ಹಾಕಿಕೊಂಡರೆ ಸಾಕು. ಎರಡನೆಯ ಸಾಲಿಗೆ ಬರುವ ಉತ್ತರ 243.29. ಮೊದಲು ಉಳಿದಿದ್ದದ್ದು 216 ಕಂತು. ಅಂದರೆ 27 ಕಂತು ಮತ್ತು ಒಂದು ತುಣುಕು ಹೆಚ್ಚು. ಆ ತುಣುಕಿಗೂ ಒಂದು ತಿಂಗಳು ಬೇಕಾದ್ದರಿಂದ ಬ್ಯಾಂಕಿನ ಪಟ್ಟಿಯಲ್ಲಿ 28 ಎಂದು ಕಾಣಿಸಿತ್ತು.

ಮೂರನೆಯ ಹಂತ: ಆ ಇಪ್ಪತ್ತೇಳು ಎಲ್ಲಿಂದ ಬಂತು

ಇಲ್ಲಿ ಸಾಮಾನ್ಯವಾಗಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಸೇರಿದ ಬಡ್ಡಿ 1.10 ಲಕ್ಷ, ಕಂತು 22,493, ಹಾಗಾದರೆ ಐದು ಕಂತು ಹೆಚ್ಚಾದರೆ ತೀರಿತಲ್ಲ ಎನ್ನುತ್ತಾರೆ. ಫಿಟರ್ ಅವರು ಮನಸ್ಸಿನಲ್ಲೇ ಹಾಕಿಕೊಂಡಿದ್ದ ಲೆಕ್ಕವೂ ಇದೇ. ಪೂರ್ತಿ ಕಂತು ಸಾಲವನ್ನು ಇಳಿಸಲು ಹೋಗುತ್ತದೆ ಎಂದು ಭಾವಿಸಿದಾಗ ಮಾತ್ರ ಇದು ಸರಿ. ನಿಜವಾಗಿ ಸಾಲವನ್ನು ಇಳಿಸುವುದು ಬಡ್ಡಿ ಹೋಗಿ ಉಳಿದ ಚೂರು ಮಾತ್ರ.

ಸೆಪ್ಟೆಂಬರಿನಲ್ಲಿ ಅವರು ಮತ್ತೆ ಕಂತು ಕಟ್ಟಲು ಆರಂಭಿಸಿದಾಗ ಬಾಕಿ ಹೆಚ್ಚಿದ್ದರಿಂದ ತಿಂಗಳ ಬಡ್ಡಿಯೂ 18,841ಕ್ಕೆ ಏರಿತ್ತು. ಕಂತಿನಲ್ಲಿ ಅಸಲಿಗೆ ಉಳಿದದ್ದು 3,652 ರೂಪಾಯಿ. ರಜೆಗೆ ಮೊದಲು 4,478 ಇಳಿಯುತ್ತಿದ್ದ ಜಾಗದಲ್ಲಿ ಈಗ ಇಷ್ಟೇ. ಈ 3,652ರಿಂದ ಆರಂಭಿಸಿ, ತಿಂಗಳಿಗೆ ಚೂರು ಚೂರೇ ಹೆಚ್ಚಾಗುವ ಮೊತ್ತಗಳಲ್ಲಿ ಅವರು 1,10,136 ರೂಪಾಯಿಯನ್ನು ಇಳಿಸಿ ಮತ್ತೆ 24,01,971ಕ್ಕೆ ಬರಬೇಕು. ಅದಕ್ಕೆ ಹಿಡಿಯುವ ಕಾಲವೇ ಇಪ್ಪತ್ತೇಳು ತಿಂಗಳು ಮತ್ತು ಕೆಲವು ದಿನ. 2020ರ ಫೆಬ್ರವರಿಯ ಕೊನೆಯಲ್ಲಿ ಅವರು ನಿಂತಿದ್ದ ಮೆಟ್ಟಿಲಿಗೆ ಮರಳಿ ಬರುವಾಗ 2022ರ ಡಿಸೆಂಬರ್ ಆಗಿರುತ್ತದೆ, ಅಲ್ಲಿಂದ ಮುಂದೆ ಹಳೆಯ 216 ಕಂತು ಹಾಗೆಯೇ ಕಾದಿರುತ್ತದೆ. ಹೆಚ್ಚುವರಿ ಕಂತುಗಳು ಸಾಲದ ಬಾಲಕ್ಕೆ ಅಂಟಿಕೊಂಡಂತೆ ಪಟ್ಟಿಯಲ್ಲಿ ಕಾಣುತ್ತದೆಯಾದರೂ ಅವು ಹುಟ್ಟಿದ್ದು ರಜೆ ಮುಗಿದ ಮರುದಿನದಿಂದಲೇ.

ಅವರ ಭಾವನ ಸಾಲಕ್ಕೆ ಬರೋಣ. ಅವರದು ಹಳೆಯ ಸಾಲ, 24 ಕಂತು ಮಾತ್ರ ಉಳಿದಿತ್ತು. ಹೋಲಿಕೆಗೆಂದು ಕಂತನ್ನೂ ದರವನ್ನೂ ಅದೇ ಇಟ್ಟುಕೊಂಡರೆ ಬಾಕಿ ಸುಮಾರು 4.92 ಲಕ್ಷ. ಆರು ತಿಂಗಳಲ್ಲಿ ಅದಕ್ಕೆ ಸೇರಿದ ಬಡ್ಡಿ 22,576 ರೂಪಾಯಿ, ಅಂದರೆ ಸರಿಸುಮಾರು ಒಂದೇ ಕಂತು. ರಜೆಯ ನಂತರ ತಿಂಗಳ ಬಡ್ಡಿ ನಾಲ್ಕು ಸಾವಿರದೊಳಗೆ ಇದ್ದದ್ದರಿಂದ ಕಂತಿನಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಹಣ ಅಸಲಿಗೇ ಹೋಗುತ್ತಿತ್ತು. ಹಾಗಾಗಿ ಅವರಿಗೆ ಹೆಚ್ಚಾದದ್ದು 1.2 ಕಂತು, ಪಟ್ಟಿಯಲ್ಲಿ ಎರಡು. ಇಬ್ಬರೂ ಬಿಟ್ಟದ್ದು ಆರಾರು ಕಂತೇ ಆದರೂ ಒಬ್ಬರು ಬೆಟ್ಟದ ಬುಡದಲ್ಲಿದ್ದರು, ಇನ್ನೊಬ್ಬರು ಇನ್ನೇನು ದೇವಸ್ಥಾನದ ಬಾಗಿಲು ತಲುಪಿದ್ದರು.

"ಹಂಗಾದ್ರೆ ಸಾಲ ಹೊಸ್ದಾಗಿದ್ದಾಗ ರಜೆ ತಗೋಬಾರ್ದು ಅನ್ನಿ" ಎಂದರು ಮಂಡ್ಯದವರು. ಬಹುಪಾಲು ನಿಜ. ಆದರೆ ಸಾಲ ಹೊಸದಾಗಿರುವಾಗಲೇ ಕೈ ಹೆಚ್ಚು ಬಿಗಿಯಾಗಿರುತ್ತದೆ ಎಂಬುದೂ ನಿಜ.

ಚಕ್ರಬಡ್ಡಿಯ ಗದ್ದಲ

ಫಿಟರ್ ಅವರ ಖಾತೆಗೆ ಆ ನವೆಂಬರಿನಲ್ಲಿ ಎರಡು ಸಾವಿರದ ನಲವತ್ತು ಚಿಲ್ಲರೆ ರೂಪಾಯಿ ಜಮೆಯಾಗಿತ್ತು. ಮೊರಟೋರಿಯಂ ಬಡ್ಡಿಯನ್ನು ಸರ್ಕಾರ ವಾಪಸು ಕೊಟ್ಟಿದೆ, ಲೆಕ್ಕ ಅಲ್ಲಿಗೆ ಮುಗಿಯಿತು ಎಂದು ಅವರು ತಿಳಿದಿದ್ದರು. ಈ ತಪ್ಪು ತಿಳಿವಳಿಕೆ ಇವತ್ತಿಗೂ ಹಲವರಲ್ಲಿದೆ.

ಕೇಂದ್ರ ಸರ್ಕಾರ 2020ರ ಅಕ್ಟೋಬರಿನಲ್ಲಿ ಘೋಷಿಸಿದ ಯೋಜನೆಯು ಎರಡು ಕೋಟಿ ರೂಪಾಯಿವರೆಗಿನ ಸಾಲಗಳಿಗೆ, ಆ ಆರು ತಿಂಗಳ ಚಕ್ರಬಡ್ಡಿ ಮತ್ತು ಸರಳ ಬಡ್ಡಿಯ ನಡುವಿನ ವ್ಯತ್ಯಾಸವನ್ನು ಮಾತ್ರ ತುಂಬಿಕೊಟ್ಟಿತು; ಮುಂದೂಡಿಕೆ ಪಡೆಯದವರಿಗೂ ಅದು ಸಿಕ್ಕಿತು. 2021ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್, ಮುಂದೂಡಿಕೆಯ ಅವಧಿಗೆ ಯಾವ ಸಾಲಗಾರರಿಂದಲೂ ಬಡ್ಡಿಯ ಮೇಲಿನ ಬಡ್ಡಿಯನ್ನು ವಸೂಲು ಮಾಡಬಾರದೆಂದು ಹೇಳಿತು. ಆದರೆ ಆ ಅವಧಿಯ ಬಡ್ಡಿಯನ್ನೇ ಪೂರ್ತಿ ಮನ್ನಾ ಮಾಡಬೇಕೆಂಬ ಬೇಡಿಕೆಯನ್ನು ಒಪ್ಪಲಿಲ್ಲ.

ಈಗ ಅಂಕಿಗೆ ಬನ್ನಿ. 18,015ನ್ನು ಆರರಿಂದ ಗುಣಿಸಿದರೆ ಸರಳ ಬಡ್ಡಿ ಸುಮಾರು 1,08,089. ಸೇರಿದ ಒಟ್ಟು ಬಡ್ಡಿ 1,10,136. ವ್ಯತ್ಯಾಸ 2,047 ರೂಪಾಯಿ. ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಚರ್ಚೆಯಾದದ್ದು ಈ ಎರಡು ಸಾವಿರದ ಬಗ್ಗೆ. ಉಳಿದ ಒಂದು ಲಕ್ಷದ ಎಂಟು ಸಾವಿರ ಹಾಗೆಯೇ ಖಾತೆಯಲ್ಲಿ ಉಳಿಯಿತು, ಮುಂದಿನ ಹದಿನೆಂಟು ವರ್ಷ ಅದರ ಮೇಲೆ ಬಡ್ಡಿ ಹುಟ್ಟಲು ಯಾವ ತೀರ್ಪೂ ಅಡ್ಡಿಯಾಗಲಿಲ್ಲ. ಅವಧಿ ಬೆಳೆಯಲು ಕಾರಣ ರಜೆಯ ಒಳಗಿನ ಚಕ್ರಬಡ್ಡಿಯಲ್ಲ, ರಜೆಯ ಹೊರಗಿನದು.

ನಾಲ್ಕನೆಯ ಹಂತ: ಸೇರಿದ ಬಡ್ಡಿಯನ್ನು ಹೇಗೆ ತೀರಿಸುತ್ತೀರಿ ಎಂದು ಮೊದಲೇ ನಿರ್ಧರಿಸಿ

ಬ್ಯಾಂಕು ನಿಮ್ಮನ್ನು ಕೇಳದಿದ್ದರೆ ಸಾಮಾನ್ಯವಾಗಿ ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಬೆಳೆಸುತ್ತದೆ. ಅದಕ್ಕೆ ಕಾರಣವೂ ಇದೆ: ಕಷ್ಟದಿಂದ ಆಗತಾನೆ ಹೊರಬಂದವರಿಗೆ ಕಂತು ಹೆಚ್ಚಿಸಿದರೆ ಮತ್ತೆ ಸುಸ್ತಿಯಾದೀತು ಎಂಬ ಭಯ. ಸಾಲಗಾರರಿಗೂ ಕಂತು ಬದಲಾಗದಿದ್ದರೆ ಏನೂ ಆಗಿಲ್ಲವೆಂದೇ ಅನಿಸುತ್ತದೆ. ಆದರೆ ಮೂರು ದಾರಿಗಳ ಬೆಲೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಕಂತು ಅದೇ, ಅವಧಿ ಹೆಚ್ಚು ಎಂಬ ದಾರಿಯಲ್ಲಿ ಫಿಟರ್ ಅವರು ಕಟ್ಟುವ ಹೆಚ್ಚುವರಿ ಹಣ ಸುಮಾರು 6.14 ಲಕ್ಷ ರೂಪಾಯಿ. ಉಳಿದ ಕಂತುಗಳನ್ನು 216ರಲ್ಲೇ ಇಟ್ಟು ಕಂತನ್ನು ಏರಿಸಿದರೆ ಅದು 23,524 ಆಗುತ್ತದೆ, ಅಂದರೆ ತಿಂಗಳಿಗೆ 1,031 ರೂಪಾಯಿ ಹೆಚ್ಚು. ಸಾಲ ಮುಗಿಯುವ ಹೊತ್ತಿಗೆ ಹೆಚ್ಚುವರಿ ಹಣ ಸುಮಾರು 2.23 ಲಕ್ಷ. ರಜೆ ಮುಗಿದ ಕೂಡಲೇ 1,10,136 ರೂಪಾಯಿಯನ್ನು ಒಂದೇ ಸಲ ಕಟ್ಟಿಬಿಟ್ಟರೆ ಹೊರೆ ಅಷ್ಟಕ್ಕೇ ಮುಗಿಯುತ್ತದೆ, ಸಾಲವು ಮೊದಲಿನ ದಿನಾಂಕಕ್ಕಿಂತ ಆರು ತಿಂಗಳು ತಡವಾಗಿ ತೀರುತ್ತದೆ. ತಿಂಗಳಿಗೆ ಸಾವಿರ ರೂಪಾಯಿಯ ವ್ಯತ್ಯಾಸವು ಸುಮಾರು ನಾಲ್ಕು ಲಕ್ಷವನ್ನು ಉಳಿಸುತ್ತದೆ ಎಂಬುದನ್ನು ಅವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಆ 6.14 ಲಕ್ಷ ಕೈಬಿಡುವುದು 2038ರ ನಂತರ. ಅಂದಿನ ರೂಪಾಯಿಗೆ ಇಂದಿನ ಬೆಲೆ ಇರುವುದಿಲ್ಲ, ಆದ್ದರಿಂದ ಆ ಮೊತ್ತವನ್ನು ಇಂದಿನ ಆರು ಲಕ್ಷವೆಂದು ಭಾವಿಸಿ ಹೌಹಾರಬೇಕಾಗಿಲ್ಲ. ಅವರ ವಿಷಯದಲ್ಲಿ ನನಗೆ ಹೆಚ್ಚು ಚಿಂತೆಯಾದದ್ದು ಹಣಕ್ಕಿಂತ ದಿನಾಂಕದ ಬಗ್ಗೆ. ಸಾಲ ಪಡೆದಾಗ ಅವರಿಗೆ 38 ವರ್ಷ, ಮೂಲ ಪಟ್ಟಿಯಂತೆ ಕೊನೆಯ ಕಂತು 2038ರ ಫೆಬ್ರವರಿಯಲ್ಲಿ, 58ರ ವಯಸ್ಸಿನಲ್ಲಿ. ಹೊಸ ಪಟ್ಟಿಯಂತೆ ಕೊನೆಯ ಕಂತು 2040ರ ಡಿಸೆಂಬರಿಗೆ ಹೋಗಿತ್ತು. ಅವರ ಕಾರ್ಖಾನೆಯಲ್ಲಿ 60ಕ್ಕೆ ನಿವೃತ್ತಿ. ಅಂದರೆ ಕೊನೆಯ ಹಲವು ಕಂತುಗಳು ಸಂಬಳವೇ ಇಲ್ಲದ ತಿಂಗಳುಗಳಲ್ಲಿ ಬೀಳುತ್ತವೆ. ಅವಧಿ ಬೆಳೆಸಲು ಒಪ್ಪುವ ಮೊದಲು ಕೊನೆಯ ಕಂತಿನ ದಿನಾಂಕದ ಪಕ್ಕದಲ್ಲಿ ನಿಮ್ಮ ವಯಸ್ಸನ್ನು ಬರೆದು ನೋಡಿ. ಬ್ಯಾಂಕೂ ಅದನ್ನೇ ನೋಡುತ್ತದೆ. ವಯಸ್ಸಿನ ಮಿತಿ ಅಡ್ಡ ಬಂದರೆ ಅವಧಿ ಬೆಳೆಸಲಾಗದೆ ಕಂತನ್ನೇ ಹೆಚ್ಚಿಸುತ್ತದೆ.

ಕೈಯಲ್ಲಿ ಪೂರ್ತಿ ಕಂತಿಗೆ ಹಣವಿಲ್ಲ, ಆದರೆ ಒಂದಿಷ್ಟು ಇದೆ ಎನ್ನುವವರಿಗೆ ಇನ್ನೊಂದು ದಾರಿಯಿದೆ, ಅದನ್ನು ಯಾರೂ ಹೇಳುವುದಿಲ್ಲ. ರಜೆಯನ್ನು ಮಂಜೂರು ಮಾಡಿಸಿಕೊಂಡು, ಆ ತಿಂಗಳುಗಳಲ್ಲಿ ಸಾಧ್ಯವಾದಷ್ಟನ್ನು ಸಾಲದ ಖಾತೆಗೆ ತುಂಬುತ್ತಿರುವುದು. ಫಿಟರ್ ಅವರು ತಿಂಗಳಿಗೆ 10,000 ತುಂಬಿದ್ದರೆ ಹೆಚ್ಚಾಗುತ್ತಿದ್ದ ಕಂತುಗಳು ಇಪ್ಪತ್ತೇಳಲ್ಲ, ಹನ್ನೊಂದೂವರೆ. ಬಡ್ಡಿಯಷ್ಟನ್ನೇ, ಅಂದರೆ ತಿಂಗಳಿಗೆ 18,015ನ್ನು ತುಂಬಿದ್ದರೆ ಬಾಕಿ ಒಂದು ರೂಪಾಯಿಯೂ ಏರುತ್ತಿರಲಿಲ್ಲ. ಆದರೆ ಆಗ ಅವರಿಗೆ ಸಿಗುತ್ತಿದ್ದ ಬಿಡುವು ತಿಂಗಳಿಗೆ 4,478 ರೂಪಾಯಿ ಮಾತ್ರ.

ಐದನೆಯ ಹಂತ: ಇಂದು ಇಂಥ ಕೊಡುಗೆ ಬಂದರೆ ಕೇಳಬೇಕಾದದ್ದು

2020ರ ಮುಂದೂಡಿಕೆಗೂ ಇಂದು ಬ್ಯಾಂಕು ಅಥವಾ ಹಣಕಾಸು ಸಂಸ್ಥೆ ತಾನಾಗಿ ಕೊಡುವ ರಜೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಂದು ಮುಂದೂಡಿಕೆ ಪಡೆದದ್ದನ್ನು ಸುಸ್ತಿಯೆಂದು ಸಾಲ ಮಾಹಿತಿ ಸಂಸ್ಥೆಗಳಿಗೆ ವರದಿ ಮಾಡಬಾರದೆಂದು ರಿಸರ್ವ್ ಬ್ಯಾಂಕೇ ಹೇಳಿತ್ತು. ಇಂದು ಕಷ್ಟದ ಕಾರಣ ಕೊಟ್ಟು ಕಂತು ಮುಂದೂಡಿಸಿಕೊಂಡರೆ ಅದು ಸಾಲದ ಪುನರ್‌ರಚನೆ ಎಂದು ದಾಖಲಾಗಬಹುದು, ಮುಂದೆ ಸಾಲ ಕೇಳಿದಾಗ ಆ ಪದ ನಿಮ್ಮ ವರದಿಯಲ್ಲಿ ಕಾಣಿಸುತ್ತದೆ. ಆದ್ದರಿಂದ ಇದನ್ನು ಹೇಗೆ ವರದಿ ಮಾಡುತ್ತೀರಿ ಎಂದು ಶಾಖೆಯಲ್ಲಿ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲಿ ಪಡೆಯಿರಿ. ಫೋನಿನಲ್ಲಿ ಯಾರೋ "ಏನೂ ತೊಂದ್ರೆ ಇಲ್ಲ ಸರ್" ಎಂದದ್ದು ನಾಳೆ ನೆರವಿಗೆ ಬರುವುದಿಲ್ಲ.

ಮಂಜೂರಾತಿ ಪತ್ರ ಕೈಗೆ ಬರುವವರೆಗೆ ಕಂತು ನಿಲ್ಲಿಸಬೇಡಿ. ಅರ್ಜಿ ಹಾಕಿದ ಮಾತ್ರಕ್ಕೆ ನಿಮ್ಮ ಉಳಿತಾಯ ಖಾತೆಯಿಂದ ಕಂತು ಎಳೆಯುವ ವ್ಯವಸ್ಥೆ ನಿಲ್ಲುವುದಿಲ್ಲ. ಖಾತೆಯಲ್ಲಿ ಹಣವಿಲ್ಲದೆ ಅದು ಮರಳಿದರೆ ಶುಲ್ಕ ಬೀಳುತ್ತದೆ, ಸುಸ್ತಿಯ ದಿನಗಳ ಎಣಿಕೆಯೂ ಶುರುವಾಗುತ್ತದೆ. ಆ ಎಣಿಕೆ 90 ದಿನ ದಾಟಿದರೆ ಸಾಲವು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ರಜೆ ಮುಗಿದು ಅವಧಿ ಬೆಳೆದ ಮೇಲೆ ಹಳೆಯ ಕಂತು ಎಳೆಯುವ ಅನುಮತಿಯ ಕೊನೆಯ ದಿನಾಂಕ ಸಾಲದ ಹೊಸ ಕೊನೆಯ ದಿನಾಂಕಕ್ಕೆ ಸಾಲುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಗೃಹ ಸಾಲದ ಜೊತೆ ಜೀವ ವಿಮೆ ಮಾಡಿಸಿದವರು ಪಾಲಿಸಿಯನ್ನು ಒಮ್ಮೆ ತೆಗೆದು ನೋಡಬೇಕು. ಇಂಥ ಪಾಲಿಸಿಗಳಲ್ಲಿ ವಿಮೆಯ ಮೊತ್ತ ಮೂಲ ಮರುಪಾವತಿ ಪಟ್ಟಿಯಂತೆ ವರ್ಷದಿಂದ ವರ್ಷಕ್ಕೆ ಇಳಿಯುವುದು ಸಾಮಾನ್ಯ. ರಜೆಯಿಂದ ಬಾಕಿ ಏರಿದಾಗ ವಿಮೆ ತಾನಾಗಿ ಏರುವುದಿಲ್ಲ, ಬೆಳೆದ ಅವಧಿಗೆ ವಿಸ್ತರಿಸುವುದೂ ಇಲ್ಲ. ಫಿಟರ್ ಅವರ ಪಾಲಿಸಿ 2038ಕ್ಕೇ ಮುಗಿಯುತ್ತಿತ್ತು.

ಹೊಸ ವಾಹನ ಅಥವಾ ಟಿವಿ ಕೊಳ್ಳುವಾಗ "ಮೊದಲ ಮೂರು ತಿಂಗಳು ಕಂತಿಲ್ಲ" ಎಂದು ಹೇಳುವುದೂ ಇದೇ ಜಾತಿಯದು. ಆ ಮೂರು ತಿಂಗಳ ಬಡ್ಡಿಯನ್ನು ಉಳಿದ ಕಂತುಗಳೊಳಗೆ ಸೇರಿಸಿದ್ದಾರೆಯೇ ಎಂದು ಕೇಳಿ ತಿಳಿಯಿರಿ. ಕ್ರೆಡಿಟ್ ಕಾರ್ಡಿನ ಬಾಕಿಗೆ ಮಾತ್ರ ರಜೆ ಬೇಡವೇ ಬೇಡ. ತಿಂಗಳಿಗೆ ಶೇ. 3ರಂತೆ 50,000 ರೂಪಾಯಿ ಬಾಕಿ ಆರು ತಿಂಗಳಲ್ಲಿ 59,700 ಆಗುತ್ತದೆ.

ಹಾಗಾದರೆ ರಜೆ ಪಡೆಯಲೇಬಾರದೇ ಎಂದರೆ, ಸಂಬಳ ನಿಂತಿದೆ, ಮನೆಯಲ್ಲಿ ಅಕ್ಕಿ ಬೇಳೆಗೇ ಹಣವಿಲ್ಲ, ಇಲ್ಲದಿದ್ದರೆ ಕಂತಿಗಾಗಿ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ ಮಾಡಬೇಕು ಎಂಬ ಸ್ಥಿತಿಯಲ್ಲಿ ಪಡೆಯಲೇಬೇಕು. ಆ ಕೈಸಾಲ ವರ್ಷಕ್ಕೆ ಶೇ. 36, ಗೃಹ ಸಾಲದ ಬಾಕಿ ಬೆಳೆಯುವುದು ಶೇ. 9ರಲ್ಲಿ. ಕೈಯಲ್ಲಿ ಹಣವಿದ್ದೂ, ಉಳಿತಾಯ ಖಾತೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಬಡ್ಡಿಗೆ ಅದನ್ನು ಇಟ್ಟುಕೊಂಡು ರಜೆ ಪಡೆಯುವುದು ಮಾತ್ರ ನಷ್ಟದ ವ್ಯಾಪಾರ.

ಈಗಾಗಲೇ ಪಡೆದಿದ್ದರೆ

ಅವಧಿ ಬೆಳೆದಿದೆ ಎಂದು ತಡವಾಗಿ ಗೊತ್ತಾದವರೂ ಅದನ್ನು ಹಿಂದಕ್ಕೆ ಎಳೆಯಬಹುದು. ವ್ಯಕ್ತಿಗಳು ಪಡೆದ ಬದಲಾಗುವ ದರದ ಗೃಹ ಸಾಲಕ್ಕೆ ಮುಂಗಡ ಪಾವತಿಯ ಶುಲ್ಕ ಹಾಕುವಂತಿಲ್ಲ. ದರ ಬದಲಾದಾಗ ಕಂತು ಹೆಚ್ಚಿಸಬೇಕೇ ಅವಧಿ ಬೆಳೆಸಬೇಕೇ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಸೂಚಿಸಿದೆ. ಅದು ದರ ಬದಲಾವಣೆಗೆ ಸಂಬಂಧಿಸಿದ್ದಾದರೂ, ಆ ಸಂದರ್ಭದಲ್ಲಿ ಹಳೆಯ ರಜೆಯಿಂದ ಬೆಳೆದ ಅವಧಿಯನ್ನೂ ಸೇರಿಸಿ ಕಡಿಮೆ ಮಾಡಿಸಿಕೊಳ್ಳಲು ಒಳ್ಳೆಯ ಅವಕಾಶ.

ಹೆಚ್ಚುವರಿ ಹಣ ಕಟ್ಟುವಾಗ ಒಂದು ಎಚ್ಚರ ಬೇಕು. ಮೊಬೈಲ್ ಆ್ಯಪ್ ಮೂಲಕ ಸುಮ್ಮನೆ ತುಂಬಿದರೆ ಕೆಲವು ಕಡೆ ಅದು ಮುಂದಿನ ಕಂತಿನ ಮುಂಗಡವೆಂದು ಕೂರುತ್ತದೆ, ಅಸಲು ಇಳಿಯುವುದಿಲ್ಲ. "ಈ ಮೊತ್ತವನ್ನು ಅಸಲಿಗೆ ಜಮೆ ಮಾಡಿ, ಕಂತನ್ನು ಇಳಿಸದೆ ಅವಧಿಯನ್ನು ಕಡಿಮೆ ಮಾಡಿ" ಎಂದು ಪತ್ರ ಕೊಟ್ಟು, ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಬಡ್ಡಿಯ ಸಾಲು ಇಳಿದಿದೆಯೇ ಎಂದು ನೋಡಬೇಕು. ಇಳಿಯದಿದ್ದರೆ ಹಣ ಬೇರೆಲ್ಲೋ ಕೂತಿದೆ ಎಂದರ್ಥ.

ಫಿಟರ್ ಅವರು ಹಾಗೆಯೇ ಮಾಡಿದರು. ದೀಪಾವಳಿ ಬೋನಸ್ಸಿಗೆ ಮನೆಯಲ್ಲಿದ್ದ ಒಂದಿಷ್ಟು ಸೇರಿಸಿ 50,000 ರೂಪಾಯಿಯನ್ನು ನವೆಂಬರ್ ಕೊನೆಯಲ್ಲಿ ಅಸಲಿಗೆ ಕಟ್ಟಿದರು, ಡಿಸೆಂಬರಿನಿಂದ ಕಂತನ್ನು 24,000ಕ್ಕೆ ಏರಿಸಲು ಪತ್ರ ಕೊಟ್ಟರು. ಅಂದಿಗೆ ಬಾಕಿ ಸುಮಾರು 24,49,000. ಶೇ. 9ರ ದರದಲ್ಲಿ 194 ಕಂತು. ಕೊನೆಯ ಕಂತಿನ ದಿನಾಂಕ 2040ರ ಡಿಸೆಂಬರಿನಿಂದ 2037ರ ಜನವರಿಗೆ ಬಂತು. ರಜೆಯನ್ನೇ ಪಡೆಯದಿದ್ದರೆ ಇರುತ್ತಿದ್ದ ದಿನಾಂಕಕ್ಕಿಂತ ಹದಿಮೂರು ತಿಂಗಳು ಮೊದಲು. ಅವರ ಭಾವ ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, ತಮ್ಮ ಮಂಡಿಯಲ್ಲಿ ಇನ್ನೂ ನಾಲ್ಕು ಜನ ರಜೆ ಪಡೆದವರಿದ್ದಾರೆ, ಅವರ ಸ್ಟೇಟ್‌ಮೆಂಟನ್ನೂ ತರಿಸುತ್ತೇನೆ ಎಂದು ಹೇಳಿ ಹೋದರು.